ಧೂಳಿನ ಗಾಜು, ಒಂದು ಹನಿ, ಆರು ಸಾಲು

ಮಳೆಹನಿ ಇಳಿದ ಕಿಟಕಿಯ ಫೋಟೊ ಕೊಟ್ಟು, ಮುಂಗಾರಿನ ಮೊದಲ ಮಳೆಯ ಮೇಲೊಂದು ಪುಟ್ಟ ಕವನ ಬರೆಯಿರಿ ಎಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಮಳೆ, ಇಳೆ, ಕಳೆ ಎಂಬ ಪ್ರಾಸಗಳ ಕಡೆಗೆ. ಅದರ ಹಿಂದೆಯೇ ಮಣ್ಣಿನ ವಾಸನೆ ಬರುತ್ತದೆ, ಬಿಸಿ ಕಾಫಿ ಬರುತ್ತದೆ, ಹಳೆಯ ನೆನಪು ಬರುತ್ತದೆ. ಬರೆದು ಮುಗಿಸಿದ ಮೇಲೆ ನೋಡಿದರೆ ಫೋಟೊದಲ್ಲಿದ್ದ ಕಿಟಕಿಯೇ ಕವನದಲ್ಲಿ ಇರುವುದಿಲ್ಲ.

ಚಿತ್ರ ನೋಡಿ ಬರೆಯುವ ಚಿತ್ರಕವನ ಕನ್ನಡದ ಓದುಗರಿಗೆ ಹೊಸದಲ್ಲ. ಚಿಕ್ಕದಾಗಿ ಹೇಳುವುದೂ ಹೊಸದಲ್ಲ: ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕವನ್ನು ಮನೆಮಾತಾಗಿಸಿದರು, ಆಮೇಲೆ ಹನಿಗವನ ಬಂತು. ಇಷ್ಟು ಚಿಕ್ಕ ಜಾಗದಲ್ಲಿ ಒಂದೇ ವಿವರಕ್ಕೆ ಎಡೆ. ಆ ವಿವರ ಯಾವುದೆಂದು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಒಂದು ಸಾಮಾನ್ಯ ಫೋಟೊ ಎತ್ತಿಕೊಳ್ಳೋಣ. ಮುಚ್ಚಿದ ಗಾಜಿನ ಕಿಟಕಿ, ಗಾಜಿನ ತುಂಬ ಹನಿಗಳು, ಕೆಲವು ಗೆರೆಯಾಗಿ ಇಳಿದಿವೆ. ಆಚೆ ಮಸುಕಾಗಿ ಒಂದು ತೆಂಗಿನ ಮರ. ಇದರಲ್ಲಿ ಮೊದಲು ಕಣ್ಣಿಗೆ ಬೀಳುವ ಚೆಲುವು ಹನಿಯೊಳಗಿನ ನೋಟ. ಪ್ರತಿ ಹನಿಯೂ ಪುಟ್ಟ ಮಸೂರ, ಹಾಗಾಗಿ ಅದರೊಳಗೆ ತೆಂಗಿನ ಮರ ತಲೆಕೆಳಗಾಗಿ ನಿಂತಿರುತ್ತದೆ, ಆಕಾಶ ಕೆಳಗಿರುತ್ತದೆ. ಕವನಕ್ಕೆ ಒದಗುವ ಸಂಗತಿಯೇ ಹೌದು. ಆದರೆ ಆಗಸ್ಟಿನ ಮಳೆಯಲ್ಲೂ ಮರ ಹೀಗೆಯೇ ತಲೆಕೆಳಗಾಗಿ ಕಾಣುತ್ತದೆ. ಮೊದಲ ಮಳೆಗೇ ಸೇರಿದ ಗುರುತು ಅದಲ್ಲ.

ಮಣ್ಣಿನ ವಾಸನೆ? ಅದು ಒಣನೆಲಕ್ಕೆ ಹನಿ ಬಿದ್ದಾಗ ಏಳುವ ಗಂಧ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದಕ್ಕೆ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಮೊದಲ ಮಳೆಯ ಗುರುತು ಹೌದು, ಆದರೆ ಫೋಟೊದಲ್ಲಿ ಕಿಟಕಿ ಮುಚ್ಚಿದೆ. ಇಲ್ಲದ್ದನ್ನು ಹೊರಗಿನಿಂದ ತಂದು ಸೇರಿಸಿದಂತಾಗುತ್ತದೆ.

ಇನ್ನೊಮ್ಮೆ ನೋಡಿದರೆ ಗಾಜಿನ ಮೇಲೆ ಧೂಳು ಕಾಣುತ್ತದೆ. ಬೇಸಗೆಯಿಡೀ ಕೂತ ಧೂಳು. ಸಣ್ಣ ಹನಿ ಗಾಜಿಗೆ ಅಂಟಿಕೊಂಡೇ ಇರುತ್ತದೆ, ಅದರ ಭಾರ ಅದನ್ನು ಎಳೆಯಲು ಸಾಲದು. ಪಕ್ಕದ ಹನಿಗಳು ಕೂಡಿಕೊಂಡು ದಪ್ಪವಾದಾಗ ಅಂಟು ಬಿಟ್ಟು ಸರ್ರನೆ ಜಾರುತ್ತದೆ, ದಾರಿಯ ಹನಿಗಳನ್ನೂ ಧೂಳನ್ನೂ ಸೇರಿಸಿಕೊಂಡು ಇಳಿಯುತ್ತದೆ. ಅದು ಹೋದ ದಾರಿಯಷ್ಟೇ ತೊಳೆದಂತಾಗಿ, ಇಕ್ಕೆಲದಲ್ಲೂ ಕೆಸರಿನ ಅಂಚು ಉಳಿಯುತ್ತದೆ. ನಾಲ್ಕು ಮಳೆ ಬಿದ್ದ ಗಾಜಿನಲ್ಲಿ ಈ ಗೆರೆ ಮೂಡುವುದಿಲ್ಲ. ಇದು ಮೊದಲ ಮಳೆ ಎಂಬುದಕ್ಕೆ ಚಿತ್ರದೊಳಗಿರುವ ಸಾಕ್ಷಿ ಇದೊಂದೇ.

ಅಲ್ಲಿಂದ ಹುಟ್ಟಬಹುದಾದ ಕವನ ಹೀಗಿದೆ:

ಮೃಗಶಿರಾ

ಬೇಸಗೆಯ ಧೂಳಿತ್ತು
ಕಿಟಕಿ ಗಾಜಿನ ಮೇಲೆ
ಹನಿಯೊಂದು ಗೆರೆ ಎಳೆದು
ಇಳಿದಾಗ ಕಾಣಿಸಿತು
ಒಂದು ಗೆರೆಯಗಲಕ್ಕೆ
ಹಿತ್ತಿಲಿನ ತೆಂಗು

ಇದರಲ್ಲಿ ಮಳೆ ಎಂಬ ಮಾತೇ ಇಲ್ಲ. ಆ ಕೆಲಸವನ್ನು ಹೆಸರು ಮಾಡುತ್ತದೆ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಎಣಿಸುತ್ತಾರೆ. ಜೂನ್ 7 ಅಥವಾ 8ರ ಸುಮಾರಿಗೆ ಮೃಗಶಿರಾ ಹುಟ್ಟುತ್ತದೆ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟುವ ಮುಂಗಾರು ಕರ್ನಾಟಕದೊಳಗೆ ಹಬ್ಬುವುದೂ ಆ ಹೊತ್ತಿಗೇ. ಹೆಸರು ಕಾಲವನ್ನು ಹೇಳಿದ್ದರಿಂದ ಸಾಲುಗಳು ಗಾಜಿನ ಮೇಲೆಯೇ ಉಳಿದವು.

ಲಯವೂ ಸರಳ. ಪ್ರತಿ ಸಾಲಿನಲ್ಲಿ ಐದೈದು ಮಾತ್ರೆಯ ಎರಡು ಗಣ: 'ಬೇಸಗೆಯ' ಒಂದು, 'ಧೂಳಿತ್ತು' ಇನ್ನೊಂದು. ಕೊನೆಯ ಸಾಲಿನಲ್ಲಿ ಮಾತ್ರ ಐದು ಮತ್ತು ಮೂರು. ಮೊದಲು ಅಲ್ಲಿ 'ತೆಂಗಿನ ಮರ' ಎಂದಿಟ್ಟರೆ ಆರು ಮಾತ್ರೆಯಾಗಿ ನಡೆ ತೊಡರುತ್ತದೆ. 'ತೆಂಗು' ಎಂದರೆ ಮಾತು ಹನಿಯ ಹಾಗೆ ತಟ್ಟನೆ ನಿಲ್ಲುತ್ತದೆ. 'ಅಂದದ', 'ಹಸಿರಿನ' ಎಂಬ ವಿಶೇಷಣಕ್ಕೆ ಜಾಗವಿತ್ತು. ಹಾಕಿದ್ದರೆ ಓದುಗರು ತಾವೇ ಕಾಣಬೇಕಾದ್ದನ್ನು ಕವನ ಮುಂಚೆಯೇ ಹೇಳಿಬಿಡುತ್ತಿತ್ತು.

ಬರೆದದ್ದು ನಿಂತಿತೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಫೋಟೊ ಮುಚ್ಚಿಟ್ಟು ಓದಿದರೂ ಕಿಟಕಿ ಕಣ್ಣಿಗೆ ಕಟ್ಟಬೇಕು. ಹೆಸರು ಬದಲಿಸಿ ಅದೇ ಕವನವನ್ನು ಶ್ರಾವಣದ ಮಳೆಗೆ ಅಂಟಿಸಿದರೆ ಅದು ಹೊಂದಬಾರದು. ಹೊಂದಿತೆಂದರೆ ಮೊದಲ ಮಳೆ ಇನ್ನೂ ಕವನದೊಳಕ್ಕೆ ಬಂದಿಲ್ಲ, ಚಿತ್ರವನ್ನು ಮತ್ತೆ ನೋಡಬೇಕು.

ಬರುವ ಮುಂಗಾರಿಗೆ ಮುನ್ನ ಮನೆಯ ಒಂದು ಕಿಟಕಿಯ ಗಾಜನ್ನಾದರೂ ಒರೆಸದೆ ಬಿಡಿ. ಆ ಗೆರೆ ಸಿಗುವುದು ಒಂದೇ ಮಳೆಗೆ.