ಹೊಸಬರಿಗೊಂದು ಊಟದ ಕರೆ



ನಮ್ಮ ಸಂಘದ ಶಾಂತಿಗ್ರಾಮದ ಕಚೇರಿಗೆ ಗುಣಮಟ್ಟ ಪರೀಕ್ಷೆಯ ಸಹಾಯಕಿಯಾಗಿ ಹೊಸಬರೊಬ್ಬರು ಬಂದಿದ್ದಾರೆ. ಹಾವೇರಿ ಸೀಮೆಯವರು, ಕೃಷಿ ಪದವೀಧರೆ. ಅವರನ್ನು ಸ್ವಾಗತಿಸಿ, ಕಚೇರಿಯವರೊಡನೆ ಮಧ್ಯಾಹ್ನದ ಊಟಕ್ಕೆ ಕರೆದು ನಾಲ್ಕು ಸಾಲು ಬರೆಯಬೇಕಿತ್ತು. ಐದು ನಿಮಿಷದ ಕೆಲಸವೆಂದು ಕುಳಿತ ನಮಗೆ ಅರ್ಧ ದಿನವೇ ಹಿಡಿಯಿತು. ಏಕೆಂದರೆ ಇಂಥದೇ ಒಂದು ಕರೆಯನ್ನು ಹಿಂದೊಮ್ಮೆ ಕೆಡಿಸಿ, ಅದರ ಬೆಲೆಯನ್ನು ಸದಸ್ಯರಿಂದ ತೆರಿಸಿದವರು ನಾವೇ.

ಆಗ ಬಂದವನು ತೂಕದ ಕೆಲಸದ ಹುಡುಗ. ಮೊದಲ ದಿನ ಕೈಕುಲುಕಿ, ‘ಒಂದು ದಿನ ಎಲ್ಲರೂ ಸೇರಿ ಊಟ ಮಾಡೋಣಪ್ಪ’ ಎಂದೆವು. ನಮ್ಮ ಕಡೆ ದಿನ ಹೇಳದೆ ಕರೆದರೆ ಅದು ಕರೆಯಲ್ಲ, ಬೀಳ್ಕೊಡುವ ಮಾತು. ಹುಡುಗ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡ. ನಾಲ್ಕು ತಿಂಗಳು ಗೋದಾಮಿನ ಹಿಂದೆ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕುಳಿತು ಒಬ್ಬನೇ ಡಬ್ಬಿ ಬಿಚ್ಚಿದ. ಆ ಕಾಲದಲ್ಲಿ ತೂಕದ ಯಂತ್ರ ಐವತ್ತು ಕೆ.ಜಿ.ಯ ಚೀಲಕ್ಕೆ ಸುಮಾರು ಕಾಲು ಕೆ.ಜಿ. ಕಡಿಮೆ ತೋರಿಸುತ್ತಿತ್ತು. ಮೊದಲ ವಾರದಲ್ಲೇ ಅವನಿಗೆ ಅನುಮಾನ ಬಂದಿತ್ತು. ಆದರೆ ಹಳಬರ ಯಂತ್ರ ಸರಿಯಿಲ್ಲವೆಂದು ಹೊಸಬ ಯಾರ ಮುಂದೆ ಹೇಳಬೇಕು? ನಮಗೆ ತಿಳಿಯುವ ಹೊತ್ತಿಗೆ ನಾನೂರಕ್ಕೂ ಹೆಚ್ಚು ಚೀಲ ತೂಗಿ ಆಗಿತ್ತು. ಅಂದರೆ ನೂರು ಕೆ.ಜಿ.ಗೂ ಮೇಲ್ಪಟ್ಟ ಸದಸ್ಯರ ಮಾಲು ಲೆಕ್ಕಕ್ಕೆ ಬಂದಿರಲಿಲ್ಲ. ರಸೀದಿ ಹುಡುಕಿ ಹಣ ಹಿಂತಿರುಗಿಸಿದೆವು. ಆಮೇಲೆ ಹುಡುಗನನ್ನು ಕೇಳಿದಾಗ ಅವನೆಂದದ್ದು, ‘ನಿಮ್ಮ ಜೊತೆ ಕೂತು ಮಾತಾಡಿದ್ದೇ ಇಲ್ಲವಲ್ಲ ಸಾರ್’ ಎಂದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅಗ್ನಿಶಾಮಕ ಠಾಣೆಗಳಲ್ಲಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಟ್ಟಿಗೆ ಅಡಿಗೆ ಮಾಡಿ ಉಣ್ಣುವ ತಂಡಗಳ ಕೆಲಸವನ್ನು ಮೇಲಿನವರು ಹೆಚ್ಚು ಮೆಚ್ಚಿದ್ದು ಅದರಲ್ಲಿ ಕಂಡಿತು. ಊಟದಿಂದ ಕೆಲಸ ಸುಧಾರಿಸಿತೋ, ಹೊಂದಿಕೊಂಡವರೇ ಒಟ್ಟಿಗೆ ಉಂಡರೋ ಎಂಬುದು ಅದರಿಂದ ಇತ್ಯರ್ಥವಾಗುವುದಿಲ್ಲ. ನಮಗೆ ತೂಕದ ಯಂತ್ರದ ಪಾಠವೇ ಸಾಕಾಗಿತ್ತು.

ಈ ಬಾರಿ ಮೊದಲ ಕರಡನ್ನು ನಮ್ಮ ಗುಮಾಸ್ತರು ಬರೆದರು. ‘ತಮ್ಮ ಗೌರವಾರ್ಥ ಭೋಜನಕೂಟವನ್ನು ಏರ್ಪಡಿಸಲಾಗಿದ್ದು, ತಾವು ಆಗಮಿಸಿ ಸಮಾರಂಭಕ್ಕೆ ಶೋಭೆ ತರಬೇಕಾಗಿ ವಿನಂತಿ.’ ಲಗ್ನಪತ್ರಿಕೆಯ ಕನ್ನಡ, ತಪ್ಪೇನಿಲ್ಲ. ಆದರೆ ಇದನ್ನು ಓದಿದ ಹೊಸಬರಿಗೆ ಹಾರ, ಶಾಲು, ಎರಡು ಮಾತು ಭಾಷಣ ಎಲ್ಲವೂ ಕಣ್ಣಮುಂದೆ ಬರುತ್ತವೆ. ರಾತ್ರಿಯೆಲ್ಲ ಭಾಷಣ ಬಾಯಿಪಾಠ ಮಾಡಿಕೊಂಡು ಬಂದವರಿಗೆ ಊಟ ರುಚಿಸುವುದುಂಟೆ? ಸಾಲದ್ದಕ್ಕೆ ಅದನ್ನು ಕಚೇರಿಯ ವಾಟ್ಸಪ್ ಗುಂಪಿಗೆ ಹಾಕಹೊರಟಿದ್ದರು. ಹೊಸಬರನ್ನು ಆ ಗುಂಪಿಗೆ ಇನ್ನೂ ಸೇರಿಸಿರಲೇ ಇಲ್ಲ!

ಇನ್ನೊಂದು ಮಾತು ಸೂಕ್ಷ್ಮದ್ದು. ಕರಡಿನ ಕೊನೆಯಲ್ಲಿ ‘ತಾವು ಸಸ್ಯಾಹಾರಿಗಳೋ ಮಾಂಸಾಹಾರಿಗಳೋ ತಿಳಿಸುವುದು’ ಎಂದಿತ್ತು. ಗುಮಾಸ್ತರ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಜಾತಿ ಕೇಳಲೆಂದೇ ಬಳಸುವವರಿದ್ದಾರೆ. ಕೇಳಿಸಿಕೊಂಡವರಿಗೂ ಅದು ಗೊತ್ತು. ಹೊಸ ಊರಿನಲ್ಲಿ ಊಟಕ್ಕೆ ಕರೆಸಿಕೊಂಡವರ ಮನಸ್ಸಿನಲ್ಲಿ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿರುತ್ತವೆ: ನನ್ನನ್ನು ಎಲ್ಲಿ ಕೂರಿಸುತ್ತಾರೆ, ಬೇರೆ ತಟ್ಟೆ ಕೊಡುತ್ತಾರೆಯೇ, ದುಡ್ಡು ಯಾರದ್ದು. ಸಹಪಂಕ್ತಿಯ ವಿಚಾರದಲ್ಲಿ ನಮ್ಮ ಹಳ್ಳಿಗಳ ಹಳೆಯ ನಡವಳಿಕೆ ಹೇಗಿತ್ತೆಂದು ಬಲ್ಲವರಿಗೆ ಈ ಅಳುಕು ಅತಿಯೆನಿಸದು. ‘ನಮ್ಮಲ್ಲಿ ಭೇದವಿಲ್ಲ’ ಎಂದು ಬರೆದರೆ ಇಲ್ಲದ ಅನುಮಾನವನ್ನೂ ಹುಟ್ಟಿಸಿದಂತೆ. ಅದಕ್ಕೆ ಬದಲು ಎಲ್ಲರೂ ಉಣ್ಣಬಹುದಾದ ಒಂದೇ ಪಾತ್ರೆಯ ಅಡಿಗೆ, ಒಂದೇ ಮೇಜು ಎಂಬುದನ್ನು ಸಾದಾ ಸಂಗತಿಯಾಗಿ ಹೇಳಿಬಿಡುವುದು ಲೇಸು.

ದುಡ್ಡಿನ ಮಾತೂ ಅಷ್ಟೇ. ಸಂಘದ ಹಣ ಸದಸ್ಯರ ಹಣ. ನೌಕರರ ಊಟವನ್ನು ಅದರಲ್ಲಿ ಬರೆದರೆ ಲೆಕ್ಕಪರಿಶೋಧಕರು ಬಿಡುವುದಿಲ್ಲ, ಬಿಡಲೂಬಾರದು. ಹಳಬರು ಆರು ಜನ ಹಂಚಿಕೊಳ್ಳುವುದೆಂದಾಯಿತು. ಆದರೆ ಇದನ್ನು ಬರೆಯದೆ ಬಿಟ್ಟರೆ, ಇನ್ನೂ ಮೊದಲ ಸಂಬಳ ಕಾಣದವರು ಊಟದುದ್ದಕ್ಕೂ ತಮ್ಮ ಪಾಲೆಷ್ಟೆಂದು ಲೆಕ್ಕ ಹಾಕುತ್ತಾ ಕೂರುತ್ತಾರೆ.

ದಿನದ ಆಯ್ಕೆಗೂ ಯೋಚಿಸಬೇಕಾಯಿತು. ಕೆಲಸಕ್ಕೆ ಹಾಜರಾದ ದಿನ ಬೇಡ. ಅಂದು ಅರ್ಜಿ, ಸಹಿ, ಬ್ಯಾಂಕಿನ ಕಾಗದಗಳ ಗಲಾಟೆ. ಸೋಮವಾರ, ಶನಿವಾರ ಒಪ್ಪೊತ್ತು ಮಾಡುವವರಿದ್ದಾರೆ. ತಿಂಗಳುಗಟ್ಟಲೆ ತಡ ಮಾಡಿದರೆ ಅಷ್ಟರಲ್ಲಿ ಒಬ್ಬರೇ ಉಣ್ಣುವುದು ಅಭ್ಯಾಸವಾಗಿಬಿಡುತ್ತದೆ. ಮೊದಲ ವಾರದ ಬುಧವಾರ ಅಥವಾ ಗುರುವಾರ ಎಂದು ಎರಡು ದಿನ ಸೂಚಿಸಿದೆವು. ಒಂದೇ ದಿನ ಹೇಳಿದರೆ ಒಲ್ಲೆನೆನ್ನಲು ದಾರಿಯಿರುವುದಿಲ್ಲ.

ಕಡೆಗೆ ಕಾರ್ಯದರ್ಶಿಯ ರುಜುವೂ ಬೇಡವೆಂದೆವು. ನಮ್ಮ ರುಜು ಕಂಡರೆ ಅದು ಆಜ್ಞೆಯಾಗುತ್ತದೆ, ‘ಆಗಲಿ ಸಾರ್’ ಎಂಬ ಎರಡೇ ಪದದ ಉತ್ತರ ಬರುತ್ತದೆ. ಅಂಥ ಉತ್ತರ ಬಂದರೆ ಕರೆ ತಲುಪಿಲ್ಲವೆಂದೇ ತಿಳಿಯಬೇಕು. ಪಕ್ಕದ ಮೇಜಿನ ನಮ್ಮ ಲೆಕ್ಕಿಗರಮ್ಮನವರು ತಮ್ಮ ಹೆಸರಿನಲ್ಲೇ ಬರೆದು, ಅವರೊಬ್ಬರಿಗೇ ಕಳಿಸಿದ ಒಕ್ಕಣೆ ಹೀಗಿತ್ತು:

‘ನಮಸ್ಕಾರ. ನೀವು ನಮ್ಮ ಕಚೇರಿಗೆ ಬಂದದ್ದು ಸಂತೋಷ. ಮಾಲಿನ ತೇವಾಂಶ ನೋಡಲು ಇಷ್ಟು ದಿನ ಜನವಿಲ್ಲದೆ ಪರದಾಡುತ್ತಿದ್ದೆವು. ಈ ಬುಧವಾರ ಅಥವಾ ಗುರುವಾರ, ನಿಮಗೆ ಯಾವುದು ಅನುಕೂಲವೋ ಆ ದಿನ, ಮಧ್ಯಾಹ್ನ ಒಂದೂವರೆಗೆ ನಮ್ಮ ಜೊತೆ ಊಟ ಮಾಡಿ. ಕಚೇರಿಯ ಹಿಂದಿನ ಕೋಣೆಯ ಉದ್ದ ಮೇಜಿನಲ್ಲಿ ಏಳು ಜನವೂ ಒಟ್ಟಿಗೆ ಕೂರುತ್ತೇವೆ. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ ಇರುತ್ತದೆ. ನಿಮಗೆ ಒಗ್ಗದ್ದು ಏನಾದರೂ ಇದ್ದರೆ ಹೇಳಿ, ಅದನ್ನು ಬಿಟ್ಟು ಮಾಡಿಸುತ್ತೇವೆ. ಖರ್ಚು ಹಳಬರಾದ ನಮ್ಮದು. ಭಾಷಣ ಇಲ್ಲ, ಎರಡೂಕಾಲಿಗೆ ಎಲ್ಲರೂ ಕೆಲಸಕ್ಕೆ ಏಳುತ್ತೇವೆ. ಬೇರೆ ದಿನ ಆಗಬೇಕೆಂದರೂ ಸರಿ, ಹೇಳಿ.’

ಇದರಲ್ಲಿ ತೇವಾಂಶದ ಮಾತು ಅಲಂಕಾರಕ್ಕಲ್ಲ. ‘ಸುಸ್ವಾಗತ’ವನ್ನು ಯಾರಿಗೆ ಬೇಕಾದರೂ ಹೇಳಬಹುದು, ನಿಮ್ಮ ಕೆಲಸಕ್ಕಾಗಿ ಕಾದಿದ್ದೆವು ಎಂಬುದು ಬಂದವರೊಬ್ಬರಿಗೇ ಸಲ್ಲುವ ಮಾತು. ಕೂರುವ ಕ್ರಮವನ್ನೂ ಯೋಚಿಸಿದ್ದೇವೆ. ಕಾರ್ಯದರ್ಶಿಯ ಪಕ್ಕದ ಕುರ್ಚಿ ಗೌರವದ್ದಾದರೂ ಅಲ್ಲಿ ಮಾತು ಹೊರಡದು. ಅವರನ್ನು ಲೆಕ್ಕಿಗರಮ್ಮನವರಿಗೂ ತೂಕದ ಹುಡುಗನಿಗೂ ನಡುವೆ ಕೂರಿಸುತ್ತೇವೆ. ನಾವು ಮೇಜಿನ ಆ ತುದಿಗೆ.

ಒಂದು ಗಂಟೆಯೊಳಗೆ ಉತ್ತರ ಬಂತು. ‘ಬುಧವಾರ ಬರ್ತೇನ್ರಿ. ಮುದ್ದೆ ಹ್ಯಾಂಗ ನುಂಗೂದು ಅಂತ ಯಾರರೆ ಹೇಳಿಕೊಡ್ರಿ. ನಾನು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ತರ್ತೇನಿ.’ ಮುದ್ದೆಯ ಪಾಠವನ್ನು ತೂಕದ ಹುಡುಗ ತಾನೇ ಒಪ್ಪಿಕೊಂಡಿದ್ದಾನೆ.

ಆದ್ದರಿಂದ ಸದಸ್ಯರಲ್ಲೊಂದು ಕೋರಿಕೆ. ಬುಧವಾರ ಒಂದೂವರೆಯಿಂದ ಎರಡೂಕಾಲರವರೆಗೆ ತೂಕದ ಕಟ್ಟೆ ಮುಚ್ಚಿರುತ್ತದೆ. ಅರಕಲಗೂಡಿನ ಕಡೆಯಿಂದ ಕಾಫಿ ತರುವವರೂ ಚನ್ನರಾಯಪಟ್ಟಣದ ಕಡೆಯ ಅಡಿಕೆಯವರೂ ಆ ಹೊತ್ತನ್ನು ತಪ್ಪಿಸಿ ಬರಬೇಕು. ತಪ್ಪಿ ಬಂದವರು ಹಿಂದಿನ ಕೋಣೆಗೇ ಬನ್ನಿ. ಸಾರು ಸ್ವಲ್ಪ ಹೆಚ್ಚಾಗಿಯೇ ಮಾಡಿಸಿದ್ದೇವೆ.