ಹದಿನಾರನೇ ವಾರದ ಚುಚ್ಚುಮದ್ದು

2023ರ ಆಗಸ್ಟ್ ಕೊನೆಯ ಹೊತ್ತಿಗೆ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಚಿರತೆ ಮರಿಗಳು ಒಂದರ ಹಿಂದೆ ಒಂದು ಕಾಯಿಲೆ ಬಿದ್ದವು. ಸುಮಾರು ಎರಡು ವಾರದೊಳಗೆ ಏಳು ಮರಿಗಳು ಸತ್ತವು. ಕೊಂದದ್ದು ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಾಣು ರೋಗ. ಮರಿಗಳಿಗೆ ಲಸಿಕೆ ಹಾಕಲಾಗಿತ್ತು ಎಂದು ಉದ್ಯಾನದ ಅಧಿಕಾರಿಗಳು ಹೇಳಿದ್ದು ಸುದ್ದಿ ಓದಿದವರನ್ನು ಇನ್ನಷ್ಟು ಕಂಗೆಡಿಸಿತು.

ಇದೇ ರೋಗ ಮನೆಯ ಬೆಕ್ಕಿಗೂ ಬರುತ್ತದೆ. ಮರಿಯ ಹೊಟ್ಟೆ ಸೇರಿದ ವೈರಾಣು, ದೇಹದಲ್ಲಿ ಎಲ್ಲೆಲ್ಲಿ ಜೀವಕೋಶಗಳು ವೇಗವಾಗಿ ಹುಟ್ಟುತ್ತಿರುತ್ತವೋ ಅಲ್ಲೆಲ್ಲ ದಾಳಿ ಮಾಡುತ್ತದೆ. ಮುಖ್ಯವಾಗಿ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ ಹಾಳಾಗುತ್ತವೆ. ಕರುಳು ಕೆಟ್ಟು ವಾಂತಿ, ಭೇದಿ ಶುರುವಾಗುತ್ತದೆ. ಮಜ್ಜೆ ಸೋತು ಬಿಳಿ ರಕ್ತಕಣಗಳು ಕುಸಿಯುತ್ತವೆ. ನಿನ್ನೆ ಸಂಜೆ ಚೆಂಡಿನ ಹಿಂದೆ ಓಡುತ್ತಿದ್ದ ಮರಿ ಇಂದು ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕೂತಿರುತ್ತದೆ. ಬಾಯಾರಿದೆ, ಆದರೆ ಕುಡಿಯಲು ಆಗುವುದಿಲ್ಲ. ವೈರಾಣುವನ್ನು ನೇರವಾಗಿ ಕೊಲ್ಲುವ ಖಚಿತವಾದ ಔಷಧಿ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ಆ್ಯಂಟಿಬಯಾಟಿಕ್ ಕೊಟ್ಟು ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಎಳೆಯ ಮರಿಗಳಲ್ಲಿ ಬಹಳಷ್ಟು ಅಲ್ಲಿಯತನಕ ಬದುಕುವುದಿಲ್ಲ.

ಹೀಗಾಗಿ ಪ್ರತಿ ಬೆಕ್ಕಿಗೂ ಬೇಕೇಬೇಕಾದ ಲಸಿಕೆಗಳಲ್ಲಿ ಪ್ಯಾನ್‌ಲ್ಯುಕೋಪೀನಿಯಕ್ಕೆ ಮೊದಲ ಸ್ಥಾನ. ಅದರ ಜೊತೆಗೆ ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಇನ್ನೆರಡು ವೈರಾಣುಗಳಿವೆ. ಸೀನು, ಮೂಗು ಸೋರುವುದು, ಕಣ್ಣು ಅಂಟಿಕೊಳ್ಳುವುದು, ನಾಲಿಗೆಯ ಮೇಲೆ ಹುಣ್ಣು ಇವುಗಳ ಲಕ್ಷಣ. ಈ ಮೂರಕ್ಕೂ ಸೇರಿಸಿ ಒಂದೇ ಚುಚ್ಚುಮದ್ದು ಸಿಗುತ್ತದೆ. ಬೆಕ್ಕು ಸಾಕುವವರ ಬಾಯಲ್ಲಿ ಅದು ‘ಟ್ರೈಕ್ಯಾಟ್’. ನಾಲ್ಕನೆಯದು ರೇಬಿಸ್. ಬೀದಿಯಲ್ಲಿ ರೇಬಿಸ್ ಇರುವ ಭಾರತದಂಥ ದೇಶದಲ್ಲಿ ಅದನ್ನು ಬಿಡುವ ಹಾಗಿಲ್ಲ.

ಮರಿಯನ್ನು ಮೊದಲ ಸಲ ಪಶುವೈದ್ಯರ ಬಳಿ ಒಯ್ದವರು ಕೇಳುವ ಮಾತೊಂದಿದೆ: ಒಂದೇ ಲಸಿಕೆಯನ್ನು ಮೂರು ಸಲ ಯಾಕೆ? ಮೊದಲನೆಯದು ಸಾಲದೆ ಹೋಗಿ ಎರಡನೆಯದು, ಅದೂ ಸಾಲದೆ ಮೂರನೆಯದು ಎಂಬ ಲೆಕ್ಕ ಇದಲ್ಲ. ಕಾರಣ ತಾಯಿಯ ಹಾಲಿನಲ್ಲಿದೆ.

ಹುಟ್ಟಿದ ಮೊದಲ ದಿನ ಕುಡಿದ ಹಾಲಿನ ಮೂಲಕ ಮರಿಗೆ ತಾಯಿಯ ಪ್ರತಿಕಾಯಗಳು ಬರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವೇ. ಆದರೆ ಹೊರಗಿನಿಂದ ಬಂದ ರೋಗಾಣು ಯಾವುದು, ವೈದ್ಯರು ಚುಚ್ಚಿದ ಲಸಿಕೆ ಯಾವುದು ಎಂಬ ಭೇದ ಅವಕ್ಕೆ ತಿಳಿಯದು. ಲಸಿಕೆಯಲ್ಲಿರುವ ದುರ್ಬಲ ವೈರಾಣುವನ್ನೂ ಹಿಡಿದು ಮುಗಿಸಿಬಿಡುತ್ತವೆ. ಮರಿಯ ದೇಹ ಅದರಿಂದ ಏನೂ ಕಲಿಯುವುದಿಲ್ಲ. ಕಾರ್ಡಿನಲ್ಲಿ ಸ್ಟಿಕ್ಕರ್ ಇದ್ದರೂ ರಕ್ಷಣೆ ಇರುವುದಿಲ್ಲ.

ತಾಯಿಯ ಪ್ರತಿಕಾಯ ಯಾವಾಗ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಸೂಲಿನ ನಾಲ್ಕು ಮರಿಗಳಲ್ಲಿ ಹೆಚ್ಚು ಹಾಲು ಕುಡಿದದ್ದಕ್ಕೆ ಒಂದು ಲೆಕ್ಕ, ಮೊಲೆ ಸರಿಯಾಗಿ ಸಿಗದ ಬಡಕಲಿಗೆ ಇನ್ನೊಂದು ಲೆಕ್ಕ. ಕೆಲವಕ್ಕೆ ಎಂಟು ವಾರಕ್ಕೇ ಖಾಲಿಯಾಗುತ್ತದೆ, ಕೆಲವಕ್ಕೆ ಹದಿನಾರು ವಾರವಾದರೂ ಉಳಿದಿರುತ್ತದೆ. ಇದರ ನಡುವೆ ಅಪಾಯದ ದಿನಗಳೂ ಬರುತ್ತವೆ: ಉಳಿದ ಪ್ರತಿಕಾಯ ನಿಜವಾದ ರೋಗವನ್ನು ತಡೆಯಲು ಸಾಲದು, ಲಸಿಕೆಯನ್ನು ಕೆಡಿಸಲು ಮಾತ್ರ ಸಾಕಾಗುತ್ತದೆ. ಯಾವ ಮರಿಗೆ ಆ ದಿನಗಳು ಯಾವಾಗ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೇ ಕೆಲವು ವಾರಕ್ಕೊಮ್ಮೆ ಲಸಿಕೆ ಕೊಡುತ್ತಾ ಹೋಗುವುದು. ಯಾವುದೋ ಒಂದು ಡೋಸ್ ಸರಿಯಾದ ಹೊತ್ತಿಗೆ ತಾಗುತ್ತದೆ.

ಈ ಕ್ರಮದಲ್ಲಿ ಒಟ್ಟು ಎಷ್ಟು ಡೋಸ್ ಆಯಿತು ಎನ್ನುವುದಕ್ಕಿಂತ ಕೊನೆಯ ಡೋಸ್ ಯಾವ ವಯಸ್ಸಿನಲ್ಲಿ ಬಿತ್ತು ಎನ್ನುವುದು ಮುಖ್ಯ. ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘವಾದ ವಸಾವಾ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಆರರಿಂದ ಎಂಟನೇ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, ಹದಿನಾರನೇ ವಾರದಲ್ಲಿ ಅಥವಾ ಅದು ದಾಟಿದ ಮೇಲೆ ಕೊನೆಯದನ್ನು ಕೊಡಬೇಕು.

ಜೂನ್ 1ರಂದು ಹುಟ್ಟಿದ ಮರಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಎಂಟು ವಾರ ತುಂಬುವುದು ಜುಲೈ 27ಕ್ಕೆ. ಅಂದು ಮೊದಲ ಟ್ರೈಕ್ಯಾಟ್. ಆಗಸ್ಟ್ 24ಕ್ಕೆ ಹನ್ನೆರಡು ವಾರ. ಎರಡನೆಯ ಟ್ರೈಕ್ಯಾಟ್, ಜೊತೆಗೆ ರೇಬಿಸ್‌ನ ಮೊದಲ ಚುಚ್ಚುಮದ್ದು. ಸೆಪ್ಟೆಂಬರ್ 21ಕ್ಕೆ ಹದಿನಾರು ವಾರ, ಮೂರನೆಯದು. ಎಷ್ಟೋ ಮನೆಗಳಲ್ಲಿ ತಪ್ಪಿಹೋಗುವುದು ಈ ಮೂರನೆಯದೇ. ಆರನೇ ವಾರಕ್ಕೆ ಒಂದು, ಹತ್ತನೇ ವಾರಕ್ಕೆ ಇನ್ನೊಂದು ಹಾಕಿಸಿ ‘ಎರಡೂ ಆಯಿತು’ ಎಂದು ಕಾರ್ಡನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಆ ಮರಿಯ ರಕ್ತದಲ್ಲಿ ತಾಯಿಯ ಪ್ರತಿಕಾಯ ಹನ್ನೆರಡು ವಾರದವರೆಗೆ ಉಳಿದಿದ್ದರೆ ಎರಡೂ ಡೋಸ್ ವ್ಯರ್ಥ. ಹದಿಮೂರನೇ ವಾರಕ್ಕೆ ರೋಗ ಬಂದಾಗ ‘ಲಸಿಕೆ ಹಾಕಿಸಿದ್ದೆವಲ್ಲ’ ಎಂಬ ಮಾತು ಬರುತ್ತದೆ.

ಇದೇ ಮರಿ ಬೀದಿಯಲ್ಲಿ ಸಿಕ್ಕಿ, ವಯಸ್ಸು ತಿಳಿಯದಿದ್ದರೆ ವೈದ್ಯರು ಹಲ್ಲು ನೋಡಿ ಅಂದಾಜು ಮಾಡುತ್ತಾರೆ. ಹದಿನಾರು ವಾರ ದಾಟಿದ ಬೆಕ್ಕಿಗೆ ಮೂರರ ಅಗತ್ಯವಿಲ್ಲ. ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಸಾಕು. ಜ್ವರ, ಭೇದಿ ಇರುವ ಮರಿಗೆ ಸಾಮಾನ್ಯವಾಗಿ ಗುಣವಾಗುವವರೆಗೆ ಕಾಯುತ್ತಾರೆ. ಗಬ್ಬದ ಬೆಕ್ಕಿಗೆ ಜೀವಂತ ವೈರಾಣುವಿನ ಲಸಿಕೆ ಕೊಡುವುದಿಲ್ಲ, ಏಕೆಂದರೆ ಹೊಟ್ಟೆಯಲ್ಲಿರುವ ಮರಿಗಳ ಮೆದುಳಿಗೆ ಹಾನಿಯಾಗಬಹುದು.

ಲಸಿಕೆ ಹಾಕುವಾಗ ಸಾಕಿದವರು ಗಮನಿಸಬಹುದಾದ ಒಂದೆರಡು ಸಂಗತಿಗಳಿವೆ. ಟ್ರೈಕ್ಯಾಟ್ ಬಹುಪಾಲು ಪುಟ್ಟ ಸೀಸೆಯ ತಳದಲ್ಲಿ ಒಣಗಿದ ಬಿಳಿ ಬಿಲ್ಲೆಯಾಗಿ ಬರುತ್ತದೆ. ಇನ್ನೊಂದು ಸೀಸೆಯ ದ್ರವವನ್ನು ಸಿರಿಂಜ್‌ನಲ್ಲಿ ಎಳೆದು ಅದಕ್ಕೆ ಬೆರೆಸಿ, ಕರಗಿದ ಕೂಡಲೇ ಚರ್ಮದಡಿ ಕೊಡಬೇಕು. ಸೀಸೆ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಅಂಗಡಿಯಲ್ಲಿ ಕೊಂಡು, ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಹೊತ್ತು ತಂದ ಲಸಿಕೆ ನೋಡಲು ಹಾಗೆಯೇ ಇರುತ್ತದೆ, ಒಳಗಿನ ವೈರಾಣು ಸತ್ತಿರುತ್ತದೆ. ಕೊಟ್ಟ ಮೇಲೆ ಸೀಸೆಯ ಸ್ಟಿಕ್ಕರನ್ನು ಕಿತ್ತು ಕಾರ್ಡಿಗೆ ಅಂಟಿಸಿ, ದಿನಾಂಕ ಬರೆದು ಸಹಿ ಹಾಕುತ್ತಾರೆ. ಅದರಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರುತ್ತವೆ.

ಚುಚ್ಚಿಸಿಕೊಂಡ ಬೆಕ್ಕು ಒಂದೆರಡು ದಿನ ಮಂಕಾಗಿರಬಹುದು, ಊಟ ಕಡಿಮೆ ಮಾಡಬಹುದು. ಮುಖ ಊದಿಕೊಂಡರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ತಕ್ಷಣ ಹಿಂದಕ್ಕೆ ಕರೆದೊಯ್ಯಬೇಕು. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಬಂದು ಕೆಲವು ವಾರದಲ್ಲಿ ಕರಗುವುದು ಸಾಮಾನ್ಯ. ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರ್ ಮೀರಿದರೆ, ಅಥವಾ ತಿಂಗಳ ನಂತರವೂ ಬೆಳೆಯುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ಬಹಳ ಅಪರೂಪಕ್ಕೆ ಅದು ಕ್ಯಾನ್ಸರ್ ಗಡ್ಡೆಯಾಗುತ್ತದೆ.

ಮುಂದಿನ ಬೂಸ್ಟರ್ ಯಾವಾಗ? ಹಿಂದೆ ಮರಿಗೆ ವರ್ಷ ತುಂಬುವವರೆಗೆ ಕಾಯುವ ರೂಢಿ ಇತ್ತು. ಹದಿನಾರನೇ ವಾರದಲ್ಲೂ ತಾಯಿಯ ಪ್ರತಿಕಾಯ ಉಳಿದಿದ್ದ ಕೆಲವೇ ಮರಿಗಳು ಇದರಿಂದ ಅಷ್ಟು ಕಾಲ ರಕ್ಷಣೆಯಿಲ್ಲದೆ ಉಳಿಯುತ್ತಿದ್ದವು. ಹೊಸ ಮಾರ್ಗಸೂಚಿ ಅದನ್ನು ಇಪ್ಪತ್ತಾರನೇ ವಾರಕ್ಕೆ, ಅಂದರೆ ಆರು ತಿಂಗಳಿಗೆ ತಂದಿದೆ. ಜೂನ್ 1ರ ಮರಿಗೆ ಅದು ನವೆಂಬರ್ 30. ಆಮೇಲೆ ಜೀವಂತ ಲಸಿಕೆ ಪಡೆದ, ಹೊರಗೆ ಹೋಗದ ಬೆಕ್ಕಿಗೆ ಮೂರು ವರ್ಷಕ್ಕೊಮ್ಮೆ ಸಾಕು. ಹರ್ಪಿಸ್ ಮತ್ತು ಕ್ಯಾಲಿಸಿಯ ರಕ್ಷಣೆ ಅಷ್ಟು ಗಟ್ಟಿಯಲ್ಲ. ರಜೆಗೆ ಹೋಗುವಾಗ ಬೋರ್ಡಿಂಗ್‌ನಲ್ಲಿ ಬಿಡುವ ಬೆಕ್ಕಿಗೆ ಅವನ್ನು ವರ್ಷಕ್ಕೊಮ್ಮೆ ಕೊಡುತ್ತಾರೆ. ರೇಬಿಸ್‌ಗೆ ಒಂದು ವರ್ಷದ ನಂತರ ಬೂಸ್ಟರ್, ಆಮೇಲೆ ಲಸಿಕೆಯ ಲೇಬಲ್ ಮತ್ತು ಸ್ಥಳೀಯ ನಿಯಮ ಹೇಳಿದಂತೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕಿಸುವುದೇ ಹೆಚ್ಚು ಬಳಕೆಯಲ್ಲಿದೆ.

ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ, ಬಾಲ್ಕನಿಗೆ ಬಲೆ ಹಾಕಿದ ಮನೆಯಲ್ಲಿ ಸಾಕಿದವರು ‘ನಮ್ಮದು ಹೊರಗೇ ಹೋಗುವುದಿಲ್ಲ’ ಎನ್ನುತ್ತಾರೆ. ಬೆಕ್ಕು ಹೋಗದಿದ್ದರೂ ಮನೆಯವರು ಹೋಗುತ್ತಾರೆ. ಪ್ಯಾನ್‌ಲ್ಯುಕೋಪೀನಿಯದ ವೈರಾಣು ಗಾಳಿಯಲ್ಲಿ ಹಾರಿ ಬರಬೇಕಿಲ್ಲ. ಕಾಯಿಲೆ ಬಿದ್ದ ಬೀದಿ ಬೆಕ್ಕು ಪಾರ್ಕಿಂಗ್ ಜಾಗದಲ್ಲಿ ಭೇದಿ ಮಾಡಿಕೊಂಡರೆ ಚಪ್ಪಲಿಯ ಅಡಿಗೆ ಅಂಟುವಷ್ಟು ಸಾಕು. ಬೆಕ್ಕು ಮೂಸಿ ನೋಡುವುದೂ ಮೈ ಉಜ್ಜುವುದೂ ಬಾಗಿಲ ಬಳಿಯ ಆ ಚಪ್ಪಲಿಗೇ. ಈ ವೈರಾಣು ಕೋಣೆಯ ಉಷ್ಣತೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ. ಮರಿ ಸತ್ತ ಮನೆಗೆ ಎರಡು ತಿಂಗಳ ನಂತರ ಹೊಸ ಮರಿ ತಂದವರು ಅದನ್ನೂ ಕಳೆದುಕೊಳ್ಳುವುದು ಇದರಿಂದಲೇ. ಅಂಥ ಮನೆಯನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತೆರಡು ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಫೀನಾಲ್ ಇರುವ ಫಿನಾಯಿಲ್ ಬಳಸಬಾರದು, ಅದು ಬೆಕ್ಕಿಗೆ ವಿಷ.

ಹರ್ಪಿಸ್‌ನ ದಾರಿಯೇ ಬೇರೆ. ಹೊರಗಿನಿಂದ ಬರಬೇಕಾದ್ದೇ ಇಲ್ಲ. ಮರಿಯಾಗಿದ್ದಾಗ ತಗುಲಿದ ವೈರಾಣು ನರಗಳಲ್ಲಿ ಅಡಗಿ ಜೀವನಪರ್ಯಂತ ಉಳಿಯುತ್ತದೆ. ಮನೆ ಬದಲಾಯಿಸಿದಾಗ, ಇನ್ನೊಂದು ಬೆಕ್ಕು ಬಂದಾಗ, ಬೆಕ್ಕು ಗಾಬರಿಗೊಂಡಾಗ ಮತ್ತೆ ಎದ್ದು ಕಣ್ಣು ಸೋರಲು ಶುರುವಾಗುತ್ತದೆ. ಲಸಿಕೆ ಅದನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಕಾಯಿಲೆಯ ತೀವ್ರತೆ ಕಡಿಮೆಯಾಗುತ್ತದೆ.

ರೇಬಿಸ್ ವಿಷಯದಲ್ಲಿ ಲೆಕ್ಕ ಬೆಕ್ಕಿನದು ಮಾತ್ರವಲ್ಲ. ದೀಪಾವಳಿಯ ಪಟಾಕಿಗೆ ಬೆದರಿ ತೆರೆದ ಬಾಗಿಲಿಂದ ಹಾರಿಹೋದ ಬೆಕ್ಕು ಎರಡು ದಿನ ಬಿಟ್ಟು ಕಾಲಿಗೆ ಗಾಯ ಮಾಡಿಕೊಂಡು ಮರಳಿತು ಎಂದುಕೊಳ್ಳಿ. ಕಚ್ಚಿದ್ದು ನಾಯಿಯೋ, ಇನ್ನೊಂದು ಬೆಕ್ಕೋ ಯಾರಿಗೂ ಗೊತ್ತಿಲ್ಲ. ಗಾಯ ತೊಳೆಯಲು ಹೋದ ಮನೆಯಾಕೆಗೆ ಅದು ಪರಚುತ್ತದೆ. ಬೆಕ್ಕಿಗೆ ಲಸಿಕೆ ಆಗಿಲ್ಲದಿದ್ದರೆ ಆ ಮನೆಯ ಆತಂಕ ದೊಡ್ಡದು, ಏಕೆಂದರೆ ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ಗೆ ಚಿಕಿತ್ಸೆ ಇಲ್ಲ. ಲಸಿಕೆ ಆಗಿದ್ದರೂ ಪರಚಿದ ಜಾಗವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಮನೆಯಲ್ಲಿ ಮರಿ ಇರುವವರು ಇಂದೇ ಲಸಿಕೆ ಕಾರ್ಡ್ ತೆಗೆದು ಕೊನೆಯ ಟ್ರೈಕ್ಯಾಟ್‌ನ ದಿನಾಂಕವನ್ನು ಮರಿಯ ವಯಸ್ಸಿನ ಜೊತೆ ಹೋಲಿಸಿ ನೋಡಲಿ. ಅದು ಹದಿನಾರು ವಾರಕ್ಕಿಂತ ಮುಂಚಿನದಾಗಿದ್ದರೆ ಇನ್ನೊಂದು ಡೋಸ್ ಬಾಕಿ ಇದೆ. ಪಶುವೈದ್ಯರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು.