ಸೊನ್ನೆ ವೋಲ್ಟೇ ‘ಹೌದು’ ಆದಾಗ

ಗೋದಾಮೊಂದಕ್ಕೆ ಎರಡು ಬಾಗಿಲು. ಯಾವ ಬಾಗಿಲು ತೆರೆದರೂ ಸೈರನ್ ಕೂಗಬೇಕು. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಸ್ವಲ್ಪ ಓದಿಕೊಂಡವರಿಗೆ ಇದು ಸುಲಭದ ಲೆಕ್ಕ. ‘ಇದು ಅಥವಾ ಅದು’ ಎಂದ ಮೇಲೆ ಬೇಕಾದದ್ದು ಆರ್ ಗೇಟ್ ತಾನೇ? ಹೀಗೆಂದು ಅಂಗಡಿಗೆ ಹೋಗಿ ನಾಲ್ಕು ಆರ್ ಗೇಟುಗಳಿರುವ 7432 ಐಸಿ ತಂದು ಜೋಡಿಸಿದರೆ ಆಗುವುದೇ ಬೇರೆ. ಒಂದು ಬಾಗಿಲು ತೆರೆದರೆ ಸೈರನ್ ಸುಮ್ಮನಿರುತ್ತದೆ. ಎರಡೂ ಬಾಗಿಲು ತೆರೆದಿದ್ದರೆ ಮಾತ್ರ ಕೂಗುತ್ತದೆ. ಐಸಿ ಕೆಟ್ಟಿಲ್ಲ, ಬೆಸುಗೆ ಬಿಟ್ಟಿಲ್ಲ, ತಂತಿ ಅದಲುಬದಲಾಗಿಲ್ಲ. ಆ ಐಸಿ ತೆಗೆದು ಅದೇ ಸಾಕೆಟ್ಟಿಗೆ ಆ್ಯಂಡ್ ಗೇಟುಗಳಿರುವ 7408 ಹಾಕಿದರೆ ಎಲ್ಲ ಸರಿಹೋಗುತ್ತದೆ.

‘ಅಥವಾ’ ಎಂಬ ಕೆಲಸವನ್ನು ‘ಮತ್ತು’ ಎಂಬ ಗೇಟ್ ಮಾಡುವುದು ಹೇಗೆ? ಉತ್ತರ ಐಸಿಯೊಳಗೆ ಇಲ್ಲ, ಬಾಗಿಲಿನ ಸ್ವಿಚ್ಚಿನಲ್ಲಿ ಇದೆ.

ಬಾಗಿಲ ಚೌಕಟ್ಟಿನಲ್ಲಿರುವ ಸ್ವಿಚ್ಚಿನ ಒಂದು ಕಾಲು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ ಸೇರಿದೆ. ಇನ್ನೊಂದು ಕಾಲಿನಿಂದ ಹೊರಟ ತಂತಿ ಗೇಟಿಗೆ ಹೋಗುತ್ತದೆ. ಆ ತಂತಿಯನ್ನು 10 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ 5 ವೋಲ್ಟಿಗೂ ಕಟ್ಟಲಾಗಿದೆ. ಬಾಗಿಲು ಮುಚ್ಚಿರುವಾಗ ಸ್ವಿಚ್ ಬಿಟ್ಟುಕೊಂಡಿರುವುದರಿಂದ ತಂತಿಯಲ್ಲಿ ಹೆಚ್ಚುಕಡಿಮೆ 5 ವೋಲ್ಟ್ ಇರುತ್ತದೆ. ಬಾಗಿಲು ತೆರೆದೊಡನೆ ಸ್ವಿಚ್ ಕೂಡಿಕೊಂಡು ತಂತಿಯನ್ನು ಸೊನ್ನೆಗೆ ಎಳೆಯುತ್ತದೆ. ‘ಬಾಗಿಲು ತೆರೆದಿದೆ’ ಎಂಬ ಸುದ್ದಿ ಇಲ್ಲಿ ಬರುವುದೇ ಸೊನ್ನೆ ವೋಲ್ಟಾಗಿ. ಸೈರನ್ ಹಚ್ಚುವ ರಿಲೇ ಬೋರ್ಡ್ ಕೂಡ ಇದೇ ಜಾತಿಯದು. ಅದರ ಇನ್‌ಪುಟ್ ಪಿನ್ನನ್ನು ಸೊನ್ನೆಗೆ ಇಳಿಸಿದರೆ ರಿಲೇ ‘ಟಕ್’ ಎಂದು ಹಿಡಿಯುತ್ತದೆ, 5 ವೋಲ್ಟಿಗೆ ಏರಿಸಿದರೆ ಬಿಡುತ್ತದೆ. ಹೀಗೆ ಕೆಳಗಿಳಿದಾಗ ಕೆಲಸ ಮಾಡುವ ಸಿಗ್ನಲ್ಲಿಗೆ ಆ್ಯಕ್ಟಿವ್ ಲೋ ಎನ್ನುತ್ತಾರೆ.

ಈಗ 7408ರೊಳಗಿನ ಒಂದು ಗೇಟನ್ನು ಹೆಸರಿನ ಹಂಗಿಲ್ಲದೆ, ಬರೀ ವೋಲ್ಟೇಜಿನಿಂದ ನೋಡೋಣ. ಎರಡೂ ಇನ್‌ಪುಟ್ ಹೈ ಆಗಿದ್ದರೆ ಔಟ್‌ಪುಟ್ ಹೈ. ಯಾವುದೇ ಒಂದು ಲೋ ಆದರೂ ಔಟ್‌ಪುಟ್ ಲೋ. ಆ ಐಸಿ ಮಾಡುವುದು ಇಷ್ಟೇ. ಹೈ ಎಂದರೆ 1, ಲೋ ಎಂದರೆ 0 ಎಂದು ನಾವು ಒಪ್ಪಿಕೊಂಡರೆ ಅದು ಪಾಸಿಟಿವ್ ಲಾಜಿಕ್, ಆಗ ಈ ಗೇಟ್ ಆ್ಯಂಡ್. ಲೋ ಎಂದರೆ 1, ಹೈ ಎಂದರೆ 0 ಎಂದು ಒಪ್ಪಿಕೊಂಡರೆ ಅದು ನೆಗೆಟಿವ್ ಲಾಜಿಕ್. ಆಗ ಅದೇ ಗೇಟನ್ನು ಓದುವುದು ಹೀಗೆ: ಯಾವುದೇ ಒಂದು ಇನ್‌ಪುಟ್ 1 ಆದರೂ ಔಟ್‌ಪುಟ್ 1. ಇದು ಆರ್ ಗೇಟಿನ ನಡತೆ. ಸಿಲಿಕಾನ್ ಚೂರಿನಲ್ಲಿ ಏನೂ ಬದಲಾಗಿಲ್ಲ, ನಾವು ಕೊಟ್ಟ ಅರ್ಥ ಬದಲಾಗಿದೆ. ಅರ್ಥ ಹೀಗೆ ಒಪ್ಪಂದದ ಮಾತು ಎಂಬುದಕ್ಕೆ ಹಳೆಯ ಕಂಪ್ಯೂಟರಿನ ಹಿಂದಿದ್ದ ಆರ್‌ಎಸ್-232 ಪೋರ್ಟ್ ಒಳ್ಳೆಯ ಸಾಕ್ಷಿ. ಅದರ ಡೇಟಾ ತಂತಿಯಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇದ್ದರೆ 1, ಪ್ಲಸ್ 3ರಿಂದ ಪ್ಲಸ್ 15 ವೋಲ್ಟ್ ಇದ್ದರೆ 0.

ಗೋದಾಮಿನ ಸರ್ಕ್ಯೂಟಿನಲ್ಲಿ ಒಳಬರುವ ಎರಡು ಸುದ್ದಿಗಳೂ ಆ್ಯಕ್ಟಿವ್ ಲೋ, ಹೊರಹೋಗುವ ಆಜ್ಞೆಯೂ ಆ್ಯಕ್ಟಿವ್ ಲೋ. ಆದ್ದರಿಂದಲೇ ಅಲ್ಲಿ 7408 ‘ಅಥವಾ’ ಗೇಟಾಗಿ ದುಡಿಯಿತು. 7432 ಹಾಕಿದಾಗ ಎರಡೂ ತಂತಿ ಲೋ ಆಗುವವರೆಗೆ ಔಟ್‌ಪುಟ್ ಇಳಿಯಲಿಲ್ಲ, ಸೈರನ್ ಎರಡನೆಯ ಬಾಗಿಲಿಗಾಗಿ ಕಾದಿತು. ಇದರ ಹಿಂದಿನ ಗಣಿತಕ್ಕೆ ಡಿ ಮಾರ್ಗನ್ ನಿಯಮ ಎಂದು ಹೆಸರು. ಆಗಸ್ಟಸ್ ಡಿ ಮಾರ್ಗನ್ ಇಂಗ್ಲೆಂಡಿನಲ್ಲಿ ಬಾಳಿದ ಗಣಿತಜ್ಞ, ಹುಟ್ಟಿದ್ದು ಮಾತ್ರ ನಮ್ಮ ನೆರೆಯ ಮಧುರೈಯಲ್ಲಿ, 1806ರಲ್ಲಿ. ‘ಎರಡೂ ಮುಚ್ಚಿವೆ’ ಎಂಬುದು ಸುಳ್ಳಾದರೆ ‘ಒಂದಾದರೂ ತೆರೆದಿದೆ’ ಎಂಬುದು ನಿಜ. ಆ ನಿಯಮ ಹೇಳುವುದು ಇದನ್ನೇ.

ಚಿತ್ರ ಓದುವ ಕಷ್ಟ ಶುರುವಾಗುವುದು ಇಲ್ಲಿಂದ. ಈ ಗೇಟನ್ನು ಕಾಗದದ ಮೇಲೆ ಎರಡು ರೀತಿ ಬರೆಯಬಹುದು. ಮೊದಲನೆಯದು ಪುಸ್ತಕದಲ್ಲಿರುವ ಆ್ಯಂಡ್ ಆಕಾರ: ಹಿಂಬದಿ ನೇರ ಗೆರೆ, ಮುಂಬದಿ ಅರೆವೃತ್ತ. ಎರಡನೆಯದು ಆರ್ ಆಕಾರ: ಹಿಂಬದಿ ಒಳಕ್ಕೆ ಬಾಗಿ, ಮುಂಬದಿ ಮೊನೆಯಾಗಿರುತ್ತದೆ. ಆದರೆ ಇದರ ಎರಡು ಇನ್‌ಪುಟ್‌ಗಳಲ್ಲೂ ಔಟ್‌ಪುಟ್ಟಿನಲ್ಲೂ ಒಂದೊಂದು ಸಣ್ಣ ಸೊನ್ನೆ ಇರುತ್ತದೆ. ಆ ಸೊನ್ನೆಯೇ ಬಬಲ್. ಎರಡೂ ಚಿತ್ರಗಳ ಪಕ್ಕದಲ್ಲಿ 7408 ಎಂದೇ ಬರೆದಿರುತ್ತದೆ, ಎರಡೂ ಸರಿ. ಮೊದಲ ಚಿತ್ರ ಯಾವ ಐಸಿ ಕೊಳ್ಳಬೇಕೆಂದು ಹೇಳುತ್ತದೆ, ಎರಡನೆಯದು ಆ ಗೇಟ್ ಇಲ್ಲಿ ಏಕಿದೆ ಎಂದು ಹೇಳುತ್ತದೆ.

ಬಬಲ್ ಕಂಡೊಡನೆ ‘ಇಲ್ಲಿ ಒಂದು ನಾಟ್ ಗೇಟ್ ಇದೆ’ ಎಂದುಕೊಳ್ಳುವುದು ಬಹಳ ಜನ ಹಿಡಿಯುವ ದಾರಿ. ಲೆಕ್ಕಕ್ಕೆ ಅದು ತಪ್ಪಲ್ಲ, ಓದಿಗೆ ತೊಡಕು. ಎಲ್ಲ ಬಬಲ್‌ಗಳನ್ನೂ ತಿರುಗಿಸುತ್ತಾ ಹೋದರೆ ‘ಇಲ್ಲ ಇಲ್ಲ’ಗಳ ಸಾಲಿನಲ್ಲಿ ತಲೆ ಕೆಡುತ್ತದೆ. ಬೇರೆ ರೀತಿ ಓದಿ. ಇನ್‌ಪುಟ್ಟಿನಲ್ಲಿರುವ ಬಬಲ್ ‘ಈ ಕಾಲು ಲೋ ಆದಾಗ ನಾನು ಎಚ್ಚರಗೊಳ್ಳುತ್ತೇನೆ’ ಎನ್ನುತ್ತದೆ. ಔಟ್‌ಪುಟ್ಟಿನಲ್ಲಿರುವುದು ‘ನನ್ನ ಷರತ್ತು ಈಡೇರಿದಾಗ ಈ ಕಾಲನ್ನು ಲೋ ಮಾಡುತ್ತೇನೆ’ ಎನ್ನುತ್ತದೆ. ನಡುವಿನ ಆಕಾರ ಷರತ್ತು ‘ಮತ್ತು’ವೋ ‘ಅಥವಾ’ವೋ ಎಂದು ತಿಳಿಸುತ್ತದೆ. ಹೀಗೆ ಓದಿದರೆ ಗೋದಾಮಿನ ಎರಡನೆಯ ಚಿತ್ರ ಒಂದು ವಾಕ್ಯವಾಗುತ್ತದೆ: ಮೊದಲ ತಂತಿ ಲೋ ಆದರೆ ಅಥವಾ ಎರಡನೆಯದು ಲೋ ಆದರೆ, ಸೈರನ್ ತಂತಿಯನ್ನು ಲೋ ಮಾಡು.

ತಂತಿಗಳ ಹೆಸರೂ ಇದಕ್ಕೆ ಹೊಂದಿಕೊಳ್ಳುತ್ತದೆ. ಆ್ಯಕ್ಟಿವ್ ಲೋ ಸಿಗ್ನಲ್ಲಿನ ಹೆಸರಿನ ನೆತ್ತಿಯ ಮೇಲೆ ಗೆರೆ ಎಳೆಯುವುದು ಹಳೆಯ ಪದ್ಧತಿ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಅದನ್ನೇ `/OPEN1`, `OPEN1#`, `nOPEN1` ಅಥವಾ `OPEN1_n` ಎಂದು ಬರೆಯುತ್ತಾರೆ. `/OPEN1` ಎಂಬ ತಂತಿ ಬಬಲ್ ಇರುವ ಕಾಲಿಗೆ ಬಂದು ಸೇರಿದರೆ ಅಲ್ಲಿ ಗೆರೆಯನ್ನೂ ಬಬಲನ್ನೂ ಮರೆತು ‘ಬಾಗಿಲು ಒಂದು ತೆರೆದಿದ್ದರೆ’ ಎಂದು ಓದಿಕೊಳ್ಳಬಹುದು. ಗೆರೆಯ ಹೆಸರು ಬಬಲ್ ಇಲ್ಲದ ಕಾಲಿಗೆ ಬಂದಿದ್ದರೆ ಅಥವಾ ಗೆರೆಯಿಲ್ಲದ ಹೆಸರು ಬಬಲಿಗೆ ಬಂದಿದ್ದರೆ ಅಲ್ಲೇ ನಿಲ್ಲಬೇಕು. ಅದು ಬರೆದವರ ತಪ್ಪಿರಬಹುದು, ಇಲ್ಲವೇ ಬೇಕೆಂದೇ ಹಾಕಿದ ತಡೆ ಇರಬಹುದು. `MUTE` ಎಂಬ ಆ್ಯಕ್ಟಿವ್ ಹೈ ಸಿಗ್ನಲ್ ಆ್ಯಂಡ್ ಆಕಾರದ ಬಬಲ್ ಕಾಲಿಗೆ ಬಂದರೆ ‘ಮ್ಯೂಟ್ ಇಲ್ಲದಿದ್ದರೆ ಮಾತ್ರ’ ಎಂಬ ಅರ್ಥ ಬರುತ್ತದೆ.

ಇಷ್ಟೆಲ್ಲ ತೊಡಕು ಏಕೆ, 5 ವೋಲ್ಟನ್ನೇ ‘ಹೌದು’ ಎಂದಿಟ್ಟುಕೊಂಡರೆ ಆಗದೇ ಎಂದು ಕೇಳಬಹುದು. ಕಾರಣ ಐಸಿಗಳ ಶಕ್ತಿಯಲ್ಲಿದೆ. ಟಿಟಿಎಲ್ ಐಸಿಗಳಲ್ಲಿ ಹೆಚ್ಚು ಬಳಕೆಗೆ ಬಂದ ಎಲ್‌ಎಸ್ ಸರಣಿಯ ಗೇಟ್ ಲೋ ಆಗಿರುವಾಗ ಹೊರಗಿನಿಂದ ಬರುವ 8 ಮಿಲಿ ಆಂಪಿಯರ್ ಕರೆಂಟನ್ನು ಗ್ರೌಂಡಿಗೆ ಇಳಿಸಿಕೊಳ್ಳಬಲ್ಲದು. ಹೈ ಆಗಿರುವಾಗ ಅದು ಹೊರಗೆ ಕೊಡುವೆನೆಂದು ಮಾತುಕೊಡುವುದು 0.4 ಮಿಲಿ ಆಂಪಿಯರ್ ಮಾತ್ರ. ಇಪ್ಪತ್ತು ಪಟ್ಟು ವ್ಯತ್ಯಾಸ! ರಿಲೇ ಬೋರ್ಡಿನೊಳಗಿನ ಸಣ್ಣ ಎಲ್‌ಇಡಿ ಬೆಳಗಲು ಕೆಲವು ಮಿಲಿ ಆಂಪಿಯರ್ ಬೇಕು. ಅದನ್ನು ಲೋ ಆಗಿ ಎಳೆದು ಬೆಳಗಿಸಬಹುದೇ ಹೊರತು ಹೈ ಆಗಿ ತಳ್ಳಿ ಅಲ್ಲ. ಈಗಿನ ಸೀಮಾಸ್ ಗೇಟುಗಳಲ್ಲಿ ಈ ಭೇದ ಬಹುಪಾಲು ಹೋಗಿದೆ, ಅಭ್ಯಾಸ ಉಳಿದಿದೆ. ಇನ್ನೊಂದು ಲಾಭ ಇಂದಿಗೂ ಇದೆ. ಬಾಗಿಲುಗಳ ಸ್ವಿಚ್ಚುಗಳೆಲ್ಲ ಗ್ರೌಂಡಿಗೇ ಎಳೆಯುವುದಾದರೆ ಅವನ್ನು ಒಂದೇ ತಂತಿಗೆ ಸೇರಿಸಬಹುದು, ಗೇಟೇ ಬೇಡ. ಹಳೆಯ ಕಾರುಗಳ ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುತ್ತಿದ್ದದ್ದು ಹೆಚ್ಚಾಗಿ ಹೀಗೆಯೇ. ಆದರೆ ಯಾವ ಬಾಗಿಲು ತೆರೆದಿದೆ ಎಂದು ಬೇರೆ ಬೇರೆ ದೀಪದಲ್ಲಿ ತೋರಿಸಬೇಕಾದರೆ ಎರಡು ತಂತಿ, ಒಂದು ಗೇಟ್ ಬೇಕೇ ಬೇಕು.

ಇಷ್ಟಾದರೂ ನಮ್ಮ ಗೋದಾಮಿನ ಸರ್ಕ್ಯೂಟಿನಲ್ಲಿ ಗಂಭೀರ ದೋಷವೊಂದಿದೆ. ಕಳ್ಳ ಬಾಗಿಲ ಬಳಿಯ ತಂತಿ ಕತ್ತರಿಸಿದರೆ ಏನಾಗುತ್ತದೆ? ರೆಸಿಸ್ಟರ್ ತಂತಿಯನ್ನು 5 ವೋಲ್ಟಿನಲ್ಲೇ ಹಿಡಿದಿಡುತ್ತದೆ. ಸರ್ಕ್ಯೂಟಿನ ಪಾಲಿಗೆ ಬಾಗಿಲು ಎಂದೆಂದಿಗೂ ಮುಚ್ಚಿದೆ. ಇಲಿ ಕಡಿದರೂ ಇದೇ ಕಥೆ. ಆದ್ದರಿಂದ ಕಾವಲಿನ ಕೆಲಸಕ್ಕೆ ಸ್ವಿಚ್ಚನ್ನು ತಿರುಗಿಸಿ ಹಾಕುತ್ತಾರೆ. ಬಾಗಿಲು ಮುಚ್ಚಿರುವಾಗ ಸ್ವಿಚ್ ಕೂಡಿಕೊಂಡಿದ್ದು ತಂತಿ ಲೋ ಆಗಿರುತ್ತದೆ. ಬಾಗಿಲು ತೆರೆದರೂ ತಂತಿ ತುಂಡಾದರೂ ಅದು ಹೈಗೆ ಏರುತ್ತದೆ. ಈಗ ‘ತೆರೆದಿದೆ’ ಎಂಬುದು ಆ್ಯಕ್ಟಿವ್ ಹೈ ಆಯಿತು, ತಂತಿಯ ಹೆಸರಿನಿಂದ ಗೆರೆ ಹೋಯಿತು, ಬರೀ `OPEN1` ಉಳಿಯಿತು. ಗೇಟಿನ ಚಿತ್ರ ಆರ್ ಆಕಾರದಲ್ಲೇ ಇರುತ್ತದೆ, ಏಕೆಂದರೆ ಉದ್ದೇಶ ಬದಲಾಗಿಲ್ಲ. ಇನ್‌ಪುಟ್‌ಗಳ ಬಬಲ್ ಅಳಿಸಿ ಔಟ್‌ಪುಟ್ಟಿನದನ್ನು ಮಾತ್ರ ಉಳಿಸಬೇಕು. ಹಾಗೆ ಉಳಿದ ಆಕಾರ ನಾರ್ ಗೇಟ್, ಅಂದರೆ 7402. ಚಿತ್ರದಲ್ಲಿ ಎರಡು ಸೊನ್ನೆ ಅಳಿಸಿದರೆ ಮುಗಿಯಿತು, ಆದರೆ ಬೋರ್ಡಿನಲ್ಲಿ ಐಸಿ ಬದಲಿಸಿದರೆ ಸಾಲದು. 7408 ಮತ್ತು 7432ರಲ್ಲಿ 1 ಮತ್ತು 2ನೆಯ ಕಾಲುಗಳು ಇನ್‌ಪುಟ್, 3ನೆಯದು ಔಟ್‌ಪುಟ್. 7402ರಲ್ಲಿ 1ನೆಯದು ಔಟ್‌ಪುಟ್, 2 ಮತ್ತು 3 ಇನ್‌ಪುಟ್. ಅದೇ ಸಾಕೆಟ್ಟಿಗೆ ಹಾಗೇ ತುರುಕಿದರೆ ಬಾಗಿಲಿನ ತಂತಿ ಔಟ್‌ಪುಟ್ ಕಾಲಿನೊಡನೆ ಜಗಳಕ್ಕೆ ನಿಲ್ಲುತ್ತದೆ.

ಈ ಹೊಸ ಏರ್ಪಾಡನ್ನು ಪರೀಕ್ಷಿಸಲು ಮಲ್ಟಿಮೀಟರ್ ಸಾಕು. ಬಾಗಿಲು ಮುಚ್ಚಿದಾಗ ಗೇಟಿನ ಇನ್‌ಪುಟ್ಟಿನಲ್ಲಿ 0.8 ವೋಲ್ಟಿಗಿಂತ ಕಡಿಮೆ ಇರಲೇಬೇಕು, ತೆರೆದಾಗ 2 ವೋಲ್ಟಿಗಿಂತ ಹೆಚ್ಚು. ಟಿಟಿಎಲ್ ಐಸಿ ಲೋ ಮತ್ತು ಹೈ ಎಂದು ಖಚಿತವಾಗಿ ಒಪ್ಪುವುದು ಈ ಗಡಿಗಳನ್ನೇ. ಮುಚ್ಚಿದ ಬಾಗಿಲಿನಲ್ಲಿ ಮೀಟರ್ 1.3 ವೋಲ್ಟ್ ತೋರಿಸಿದರೆ ಗೇಟನ್ನು ಬೈಯಬೇಡಿ, ಸ್ವಿಚ್ಚಿನ ಕಾಂಟ್ಯಾಕ್ಟ್ ಕಿಲುಬು ಹಿಡಿದಿದೆಯೇ, ಗ್ರೌಂಡ್ ತಂತಿ ಸಡಿಲವಾಗಿದೆಯೇ ನೋಡಿ. ಕಾರಣವಿಲ್ಲದೆ ಆಗಾಗ ಕೂಗಿ ನಿಲ್ಲುವ ಸೈರನ್ನಿಗೆ ಇಂಥ ಅತಂತ್ರ ವೋಲ್ಟೇಜ್ ಕಾರಣವಾಗಿರಬಹುದು.

ಸರ್ಕ್ಯೂಟ್ ಚಿತ್ರ ಬರೆಯುವವರಲ್ಲಿ, ಅದರಲ್ಲೂ ಕಾಲೇಜಿನಲ್ಲಿ ಪಾಠ ಹೇಳುವವರಲ್ಲಿ ಒಂದು ಕೋರಿಕೆ. ಕೆಲಸ ‘ಅಥವಾ’ ಆಗಿದ್ದರೆ, ಐಸಿ 7408 ಆಗಿದ್ದರೂ, ಬಬಲ್ ಹಾಕಿ ಆರ್ ಆಕಾರದಲ್ಲೇ ಬರೆಯಿರಿ. ಐಸಿಯ ನಂಬರ್ ಪಕ್ಕದಲ್ಲಿದ್ದೇ ಇರುತ್ತದೆ, ಉದ್ದೇಶವನ್ನು ಆಕಾರವೇ ಹೇಳಬೇಕು. ನಾಳೆ ಆ ಬೋರ್ಡ್ ರಿಪೇರಿಗೆ ಕೂತವರಿಗೆ ನೀವು ಪಕ್ಕದಲ್ಲಿದ್ದು ವಿವರಿಸಲು ಆಗುವುದಿಲ್ಲ.